ಒಳ್ಳೆಯದಾಗಲಿ ಅಂತಲೇ ವಿಳಾಸ ಕೊಟ್ಟೆ, ಪಾಪ ನನ್ನದಾ?

*ಮೇಡಂ, ಗಂಡನ ಹೊಡೆತ ತಾಳಲಾರದೆ ನನ್ನ ಗೆಳತಿ ಬೇರೆ ಮನೆ ಮಾಡಿದ್ದಳು. ‘ವಿಳಾಸ ಯಾರಿಗೂ ಹೇಳಬೇಡ’ ಅಂದಿದ್ದಳು. ಒಂದು ರಾತ್ರಿ ಅವನು ಫೋನ್ ಮಾಡಿ ಗೋಳೋ ಎಂದು ಅತ್ತ. ಒಂದೇ ಸಲ ಕ್ಷಮೆ ಕೇಳಬೇಕು ಅಂದ. ಇಬ್ಬರೂ ಒಂದಾಗಲಿ ಅಂತ ಕೊಟ್ಟುಬಿಟ್ಟೆ. ಮರುದಿನವೇ ಹೋಗಿ ಅವಳ ಕೈ ಮುರಿದ. ವಿಳಾಸ ಕೊಟ್ಟಿದ್ದು ಯಾರು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ‘ಅದು ಅವಳ ಪ್ರಾರಬ್ಧ, ನೀನು ಬರೀ ನಿಮಿತ್ತ’ ಅನ್ನುತ್ತಾರೆ ನಮ್ಮತ್ತೆ. ನನಗೆ ನಿದ್ದೆಯಿಲ್ಲ. ಈ ಪಾಪ ನನ್ನ ಮಗನಿಗೆ ತಟ್ಟುತ್ತದಾ? – ಹೆಸರು ಬೇಡ*

ನಿಮ್ಮತ್ತೆಯವರ ಮಾತನ್ನೇ ಮೊದಲು ನೋಡೋಣ. ಎಲ್ಲವೂ ಅವಳ ಪ್ರಾರಬ್ಧ ಅಂದರೆ ಹೊಡೆದವನೂ ನಿಮಿತ್ತವೇ ಆಗುತ್ತಾನೆ, ಅಲ್ವಾ? ಅವನನ್ನು ಹಾಗೆ ಬಿಟ್ಟುಬಿಡಲು ನಿಮಗೆ ಮನಸ್ಸು ಬರುವುದಿಲ್ಲ. ಕೈ ಮುರಿಸಿಕೊಂಡವಳ ತಲೆಗೇ ತಪ್ಪು ಕಟ್ಟುವ ಸಮಾಧಾನ ಅದು. ಪಕ್ಕಕ್ಕಿಡಿ.

ಕರ್ಮದ ಲೆಕ್ಕದಲ್ಲಿ ಉದ್ದೇಶಕ್ಕೆ ಅತಿ ಹೆಚ್ಚು ತೂಕ ಕೊಟ್ಟವನು ಬುದ್ಧ. ಚೇತನೆಯನ್ನೇ, ಅಂದರೆ ಮನಸ್ಸು ಬೇಕೆಂದು ಮಾಡುವುದನ್ನೇ, ಕರ್ಮ ಅಂದ. ಚಕ್ಖುಪಾಲ ಎಂಬ ಕುರುಡು ಭಿಕ್ಷುವಿನ ಕಾಲಡಿ ಹುಳುಗಳು ಸತ್ತಾಗ ಉಳಿದವರು ದೂರು ತಂದರು. ಅವನಿಗೆ ಹುಳುಗಳು ಕಂಡಿರಲಿಲ್ಲ, ಕೊಲ್ಲುವ ಮನಸ್ಸೂ ಇರಲಿಲ್ಲ. ಆದ್ದರಿಂದ ಕೊಂದ ಪಾಪ ಅವನದಲ್ಲ ಎಂಬುದು ಬುದ್ಧನ ತೀರ್ಪು. ಈ ತಕ್ಕಡಿಯಲ್ಲಿ ಹೊಡೆದ ಪಾಪ ನಿಮ್ಮದಲ್ಲ. ಅದು ಪೂರ್ತಿ ಅವನದು.

ಇಲ್ಲಿಗೇ ಮುಗಿಸಿದರೆ ನಿಮಗೆ ಹಗುರಾಗಬಹುದು. ಆದರೆ ನೀವು ಕುರುಡರಾಗಿರಲಿಲ್ಲ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸದಾ ಸತ್ಯವನ್ನೇ ಹೇಳುವ ವ್ರತ ಹಿಡಿದ ಬ್ರಾಹ್ಮಣ ಅವನು. ದರೋಡೆಕೋರರಿಗೆ ಹೆದರಿ ಕೆಲವರು ಓಡಿ ಬಂದು ಅಲ್ಲೇ ಕಾಡಿನಲ್ಲಿ ಅಡಗಿದರು. ಹಿಂದೆಯೇ ಬಂದ ದರೋಡೆಕೋರರು ಕೌಶಿಕನನ್ನು ಕೇಳಿದರು. ಮರಬಳ್ಳಿಗಳು ದಟ್ಟವಾಗಿರುವ ಆ ಕಡೆ ಹೋದರು ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಕೊಲ್ಲಿಸುವ ಆಸೆಯೂ ಇರಲಿಲ್ಲ. ಕೇಳುತ್ತಿರುವವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂದು ಒಂದು ಕ್ಷಣ ಯೋಚಿಸಲಿಲ್ಲ, ಅಷ್ಟೇ. ಅಷ್ಟಕ್ಕೇ ನರಕವಾ ಅಂತ ನನಗೂ ಅನ್ನಿಸುತ್ತದೆ, ಸ್ವಲ್ಪ ಜಾಸ್ತಿಯೇ ಆಯಿತು. ಆದರೂ ಕೃಷ್ಣನ ಮಾತು ಸ್ಪಷ್ಟ: ನನ್ನ ಮನಸ್ಸು ಶುದ್ಧವಿತ್ತು ಅಂದರೆ ಸಾಲದು, ಕಣ್ಣೆದುರಿಗಿದ್ದ ಅಪಾಯವನ್ನೂ ನೋಡಬೇಕಿತ್ತು.

ನಿಮ್ಮ ಸ್ಥಿತಿಗೆ ಸರಿಯಾದ ಹೆಸರಿರುವುದು ಜೈನರಲ್ಲಿ. ತತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಜೀವಕ್ಕೆ ಪೆಟ್ಟಾದದ್ದನ್ನು ಮಾತ್ರ ಹೇಳುವುದಿಲ್ಲ, ಪ್ರಮಾದದಿಂದ ಆದದ್ದು ಎಂದು ಸೇರಿಸುತ್ತದೆ. ಪ್ರಮಾದ ಅಂದರೆ ಎಚ್ಚರಗೇಡಿತನ. ನೆಲ ನೋಡಿಕೊಂಡು ನಡೆಯುವ ಮುನಿಯ ಕಾಲಡಿಗೆ ಹುಳು ಹಠಾತ್ತನೆ ಬಂದು ಸತ್ತರೆ ಅದು ಹಿಂಸೆಯಲ್ಲ. ನೋಡದೆ ನಡೆದರೆ ಹುಳು ಸಾಯದಿದ್ದರೂ ದೋಷವೇ. ಈ ಅಳತೆಯಲ್ಲಿ ನಿಮ್ಮ ಆ ರಾತ್ರಿಯನ್ನು ಇಡಿ. ಅವನು ಹೊಡೆಯುತ್ತಾನೆಂದು ನಿಮಗೆ ಗೊತ್ತಿತ್ತು. ಹೇಳಬೇಡ ಅಂತ ಅವಳೇ ಅಂದಿದ್ದಳು. ‘ಅವಳನ್ನು ಕೇಳಿ ಹೇಳುತ್ತೇನೆ’ ಅನ್ನಲು ದಾರಿಯೂ ಇತ್ತು. ಹಾಗಾಗಿ ನಿಮ್ಮದು ಪ್ರಮಾದ. ಅವನು ಹೋಗಿ ಅವಳ ಕಾಲಿಗೆ ಬಿದ್ದು ವಾಪಸ್ ಬಂದಿದ್ದರೂ ಪ್ರಮಾದವೇ, ಆಗ ನಿಮಗೆ ತಿಳಿಯುತ್ತಿರಲಿಲ್ಲ. ಕೈ ಮುರಿದದ್ದರಿಂದ ನಿಮ್ಮ ತಪ್ಪು ದೊಡ್ಡದಾಗಲಿಲ್ಲ, ಅವಳಿಗೆ ನೀವು ತೀರಿಸಬೇಕಾದ ಋಣ ದೊಡ್ಡದಾಯಿತು.

ಮಗನ ಭಯ ಬಿಡಿ. ಮಾಡಿದವರೇ ಉಣ್ಣಬೇಕು ಎನ್ನುವುದರಲ್ಲಿ ಜೈನರು ಬಹಳ ಖಡಕ್, ಒಬ್ಬರ ಕರ್ಮ ಇನ್ನೊಬ್ಬರಿಗೆ ಅಂಟುವುದಿಲ್ಲ.

ಹಾಗಾದರೆ ಈಗೇನು? ತಪ್ಪಾದಾಗ ಜೈನ ಸಾಧುಗಳು ಮೊದಲು ಮಾಡುವುದು ಆಲೋಚನೆ. ಅಂದರೆ ಮಾಡಿದ್ದನ್ನು ಗುರುವಿನ ಮುಂದೆ ಮಾಡಿದ ಹಾಗೇ ಹೇಳುವುದು, ಏನೂ ಮುಚ್ಚದೆ. ನೀವು ಹೇಳಬೇಕಾದದ್ದು ಗುರುವಿಗಲ್ಲ, ಗೆಳತಿಗೆ. ‘ವಿಳಾಸ ಕೊಟ್ಟವಳು ನಾನು, ನೀನು ಬೇಡ ಅಂದಿದ್ದೆ’ ಎಂದು ಶುರು ಮಾಡಿ. ‘ಒಳ್ಳೆಯದಕ್ಕೇ ಮಾಡಿದೆ’ ಎಂಬ ಮಾತು ಅವಳು ಕೇಳುವವರೆಗೆ ಬರಬಾರದು. ಮೊದಲೇ ಹೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವಳ ಮೇಲೆ ಬೀಳುತ್ತದೆ. ಅವಳು ಬೈಯಬಹುದು, ಮಾತು ಬಿಡಬಹುದು. ಬಿಡಲಿ. ಹೇಳುವುದು ಇನ್ನೊಂದು ಕಾರಣಕ್ಕೂ ಮುಖ್ಯ: ಯಾರು ಬಾಯಿಬಿಟ್ಟರೋ ಗೊತ್ತಿಲ್ಲದೆ ಅವಳೀಗ ಎಲ್ಲರನ್ನೂ ಅನುಮಾನಿಸುತ್ತಿರುತ್ತಾಳೆ. ಯಾರನ್ನು ನಂಬಬೇಕು ಅನ್ನುವುದು ಅವಳ ಜೀವದ ಪ್ರಶ್ನೆ.

ಅವಳು ದೂರು ಕೊಡುವುದಾದರೆ, ಅವನು ಅತ್ತು ವಿಳಾಸ ಪಡೆದದ್ದನ್ನು ಹೇಳಲು ನೀವೇ ಸಾಕ್ಷಿ. ಆ ರಾತ್ರಿಯ ಕರೆಯ ವಿವರ ಅಳಿಸಬೇಡಿ. ಅವನು ಮತ್ತೆ ಫೋನ್ ಮಾಡಿದರೆ, ಎಷ್ಟೇ ಅತ್ತರೂ, ಅವಳ ಬಗ್ಗೆ ಒಂದಕ್ಷರ ಹೇಳಬೇಡಿ. ಫೋನ್ ಬಂದದ್ದನ್ನು ಮಾತ್ರ ಅವಳಿಗೆ ಆಗಲೇ ತಿಳಿಸಿ.