ಎಚ್‌ಐವಿ ಇರುವ ಗಂಡ, ಹೆಂಡತಿ, ಗುಟ್ಟು: ಯಾವ ಆಯ್ಕೆ ಸರಿ?

"ಎಚ್‌ಐವಿ ಇರುವ ಗಂಡ 'ಹೆಂಡತಿಗೆ ಹೇಳಬೇಡಿ' ಅಂತಾನೆ. ಎಂಬಿಬಿಎಸ್ ಪರೀಕ್ಷೆಯಲ್ಲಿ ಏನು ಬರೀಬೇಕು?"

'ಮೊದಲು ಏನು ಮಾಡುತ್ತೀರಿ' ಅಂತ ಕೇಳಿದ್ದರೆ, ಅವನೇ ಹೇಳುವಂತೆ ಕೌನ್ಸೆಲಿಂಗ್ ಮಾಡುವುದು ಸರಿ. 'ತಕ್ಷಣ ಹೆಂಡತಿಗೆ ಫೋನ್', 'ಯಾವತ್ತೂ ಹೇಳಬಾರದು', ಎರಡೂ ಬಲೆ. 2017ರ ಎಚ್‌ಐವಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಅವಳಿಗೆ ಸೋಂಕು ತಗಲುವ ಅಪಾಯ ಜಾಸ್ತಿ ಇದ್ದು, ಕೌನ್ಸೆಲಿಂಗ್ ಆದಮೇಲೂ ಅವನು ಹೇಳಲ್ಲ ಅಂತ ಖಾತ್ರಿಯಾದರೆ, 'ನಾನೇ ಹೇಳುತ್ತೇನೆ' ಎಂದು ಮೊದಲು ಅವನಿಗೆ ತಿಳಿಸಿ, ಆಮೇಲೆ ಡಾಕ್ಟರ್ ಅವಳಿಗೆ ಮುಖಾಮುಖಿಯಾಗಿ, ಕೌನ್ಸೆಲಿಂಗ್ ಮಾಡಿ ಹೇಳಬಹುದು. ಅವಳಿಗೆ ಮಾತ್ರ, ಅತ್ತೆಗಲ್ಲ!

ರೋಗಿ ಹೆಂಡತಿಯೇ ಆಗಿದ್ದರೆ ಹುಷಾರು. ಗಂಡ ಹೊಡೆಯಬಹುದು, ಮನೆಯಿಂದ ಹೊರಹಾಕಬಹುದು ಎಂಬ ಸಕಾರಣ ಭಯ ಇದ್ದರೆ, ಅವನಿಗೆ ಹೇಳುವಂತಿಲ್ಲ.