ಹತ್ತನೇ ನಿಮಿಷದವರೆಗೆ ಪ್ರಶ್ನೆ ಬದುಕಿರಲಿ

ಸಂಪಾದಕರಿಗೆ ವಂದನೆಗಳು. ನಾನು ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ ಪ್ರಸಂಗ ಮಾಡುತ್ತೇನೆ. ಹಿಂದಿನ ಬೆಂಚುಗಳಲ್ಲಿ ಕಾಲೇಜು ಓದುವ ಮಕ್ಕಳು, ಮನೆಯವರ ಒತ್ತಾಯಕ್ಕೆ ಬಂದ ಕೆಲವು ಗಂಡಸರು ಕೂರುತ್ತಾರೆ. ಅವರಿಗೆ ಯಾವುದರಲ್ಲೂ ಪೂರ್ತಿ ನಂಬಿಕೆಯಿಲ್ಲ. ಪ್ರಶ್ನೆಯಿಂದ ಶುರು ಮಾಡಿ ಎಂದು ಒಬ್ಬರು ಹೇಳಿದ್ದಕ್ಕೆ ಕಳೆದ ಸಲ ‘ದೇವರು ನಮ್ಮ ಪ್ರಾರ್ಥನೆ ಕೇಳುತ್ತಾನೆಯೇ?’ ಎಂದು ಆರಂಭಿಸಿದೆ. ಎರಡೇ ನಿಮಿಷಕ್ಕೆ ಅವರ ಕೈಗೆ ಮೊಬೈಲ್ ಬಂತು. ಆಗಮನ ಕಾಲದ ಮೂರನೇ ಭಾನುವಾರ ಮತ್ತಾಯ 11:2–11ರ ಮೇಲೆ ಮಾತಾಡಬೇಕಿದೆ. ಹೇಗೆ ಕಟ್ಟಲಿ?

ಪ್ರಿಯ ಸಹೋದರರೇ,

ನೀವು ಕೇಳಿದ್ದರ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ಪ್ರಸಂಗಪೀಠದಲ್ಲಿ ನಿಂತವರು ಯಾರೂ ‘ಇಲ್ಲ, ಕೇಳುವುದಿಲ್ಲ’ ಎಂದು ಹೇಳಿ ಕೆಳಗಿಳಿಯುವುದಿಲ್ಲ. ಹಾಗಾಗಿ ಸಂದೇಹವಿರುವವನು ನಿಮ್ಮ ಕೊನೆಯ ವಾಕ್ಯವನ್ನು ಅಲ್ಲೇ ಊಹಿಸಿಬಿಟ್ಟ. ಮುಂದೆ ಕಾಯಲು ಅವನಿಗೆ ಏನೂ ಉಳಿಯಲಿಲ್ಲ. ‘ಕೇಳುತ್ತಾನೆಯೇ’, ‘ಪ್ರೀತಿಸುತ್ತಾನಲ್ಲವೇ’ ಎಂದು ಮುಗಿಯುವ ಪ್ರಶ್ನೆಗಳು ಸಭೆಯಲ್ಲಿ ಬಹುಪಾಲು ಹೇಳಿಕೆಗಳೇ. ನಿಮ್ಮ ವಾಕ್ಯಭಾಗದಲ್ಲಿ ಸ್ನಾನಿಕ ಯೋಹಾನ ಸೆರೆಯಿಂದ ತನ್ನ ಶಿಷ್ಯರನ್ನು ಕಳುಹಿಸಿ ಯೇಸುವಿಗೆ ಕೇಳಿಸುವ ಪ್ರಶ್ನೆ ಹಾಗಿಲ್ಲ: ಬರಬೇಕಾದವನು ನೀನೋ, ನಾವು ಬೇರೊಬ್ಬನಿಗಾಗಿ ಕಾಯಬೇಕೋ? ಆ ‘ಓ’ಕಾರದಲ್ಲಿ ತಕ್ಕಡಿಯ ಎರಡು ತಟ್ಟೆಗಳಿಗೂ ಭಾರವಿದೆ.

ಪ್ರಶ್ನೆ ನಿಜವಾದದ್ದೇ ಎಂದು ನೋಡಲು ಕಾಗದದ ನಡುವೆ ಒಂದು ಗೆರೆ ಎಳೆಯಿರಿ. ಒಂದು ಬದಿಗೆ ‘ಹೌದು’, ಇನ್ನೊಂದು ಬದಿಗೆ ‘ಇಲ್ಲ’ ಎಂದು ಬರೆದು, ಎರಡಕ್ಕೂ ಆಧಾರವನ್ನು ವಾಕ್ಯದಿಂದಲೇ ಹುಡುಕಿ. ‘ಇಲ್ಲ’ದ ಬದಿ ಖಾಲಿ ಉಳಿದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ. ಯೋಹಾನನ ವಿಷಯದಲ್ಲಿ ಅದು ಬೇಗ ತುಂಬುತ್ತದೆ. ಮೂರನೇ ಅಧ್ಯಾಯದಲ್ಲಿ ಅವನು ಸಾರಿದ್ದು ಮರದ ಬುಡಕ್ಕೆ ಬಿದ್ದ ಕೊಡಲಿಯನ್ನು, ಕೈಯಲ್ಲಿ ಮೊರ ಹಿಡಿದು ಹೊಟ್ಟನ್ನು ಸುಡುವವನನ್ನು. ಹನ್ನೊಂದರ ಹೊತ್ತಿಗೆ ಕೊಡಲಿಯೂ ಇಲ್ಲ, ಬೆಂಕಿಯೂ ಇಲ್ಲ. ರಾಜ ಹೆರೋದ ಅರಮನೆಯಲ್ಲಿದ್ದಾನೆ, ಯೋಹಾನ ಸೆರೆಯಲ್ಲಿದ್ದಾನೆ.

ಇಲ್ಲಿಂದ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ: ‘ಯೇಸುವೇ ಬರಬೇಕಾದವನಾಗಿದ್ದರೆ ಯೋಹಾನ ಇನ್ನೂ ಜೈಲಿನಲ್ಲಿ ಏಕಿದ್ದಾನೆ?’ ‘ಒಳ್ಳೆಯವರಿಗೆ ಕಷ್ಟ ಏಕೆ?’ ಎಂದು ಹಿಗ್ಗಿಸಬೇಡಿ. ಅಷ್ಟು ದೊಡ್ಡದನ್ನು ಇಪ್ಪತ್ತು ನಿಮಿಷದಲ್ಲಿ ಯಾರೂ ಮುಗಿಸಲಾರರು. ಮುಗಿಸಿದಂತೆ ತೋರಿಸಿದರೆ ಹಿಂದಿನ ಬೆಂಚಿಗೆ ಅದು ತಕ್ಷಣ ತಿಳಿಯುತ್ತದೆ. ಚಿಕ್ಕ ಪ್ರಶ್ನೆಗೆ ಒಬ್ಬ ಮನುಷ್ಯ, ಒಂದು ಕೋಣೆ, ಒಂದು ಬಾಗಿಲು ಇರುತ್ತದೆ. ಕೇಳುವವನು ತನ್ನ ಆಸ್ಪತ್ರೆಯ ರಾತ್ರಿಯನ್ನೋ ಕೆಲಸ ಹೋದ ವರ್ಷವನ್ನೋ ತಾನೇ ಅದರೊಳಗೆ ತಂದಿಟ್ಟುಕೊಳ್ಳುತ್ತಾನೆ.

ವ್ಯಾಖ್ಯಾನಗಳನ್ನು ತೆರೆದರೆ ಯೋಹಾನನಿಗೆ ಸಂದೇಹವೇ ಇರಲಿಲ್ಲ, ಶಿಷ್ಯರ ತಿಳಿವಳಿಕೆಗಾಗಿ ಅವರನ್ನು ಕಳುಹಿಸಿದ ಎಂಬ ಹಳೆಯ ವಿವರಣೆ ಸಿಗುತ್ತದೆ. ಅದನ್ನು ಹಿಡಿದರೆ ಪ್ರಸಂಗ ಅಲ್ಲಿಗೇ ಸತ್ತಂತೆ. ವಾಕ್ಯವೂ ಅದಕ್ಕೆ ಒತ್ತಾಸೆಯಾಗಿಲ್ಲ. ಯೇಸು ಹೇಳುವುದು ‘ಹೋಗಿ ಯೋಹಾನನಿಗೆ ತಿಳಿಸಿ’ ಎಂದು. ಉತ್ತರ ಸೆರೆಯಲ್ಲಿ ಕೂತವನಿಗೇ ಹೋಗಬೇಕು.

ಇನ್ನು ಸಮಯ. ಇಪ್ಪತ್ತು ನಿಮಿಷವೆಂದುಕೊಳ್ಳೋಣ. ಮೊದಲ ಮೂರು ನಿಮಿಷದಲ್ಲಿ ಸೆರೆಮನೆಯ ಚಿತ್ರ ಕೊಟ್ಟು ಪ್ರಶ್ನೆ ಇಡಿ. ಇಟ್ಟ ಮೇಲೆ ನಾಲ್ಕೈದು ಸೆಕೆಂಡು ಸುಮ್ಮನಿರಿ. ಮುಂದಿನ ಏಳು ನಿಮಿಷ ಅದನ್ನು ಬಿಗಿಗೊಳಿಸಲು ಮಾತ್ರ. ಅಭ್ಯಾಸವಿಲ್ಲದವರು ಹೆಚ್ಚಾಗಿ ಎಡವುವುದು ಇಲ್ಲೇ: ಐದನೇ ನಿಮಿಷಕ್ಕೆ ಗಾಬರಿಯಾಗಿ ‘ಆದರೆ ದೇವರು ಕೈಬಿಡುವುದಿಲ್ಲ’ ಎನ್ನುತ್ತಾರೆ. ಆ ಒಂದು ವಾಕ್ಯಕ್ಕೆ ಕಟ್ಟು ಸಡಿಲವಾಗುತ್ತದೆ. ಬದಲಿಗೆ ಮೂರನೇ ಅಧ್ಯಾಯದ ಕೊಡಲಿಯನ್ನು ಓದಿ, ಅವನ ನಿರೀಕ್ಷೆ ಅವಿವೇಕವಲ್ಲ, ಪ್ರವಾದಿಗಳಿಂದ ಬಂದದ್ದು ಎಂದು ತೋರಿಸಿ. ಸುಲಭದ ಉತ್ತರಗಳನ್ನು ಒಂದೊಂದಾಗಿ ಎತ್ತಿ, ಏಕೆ ಸಾಲವು ಎಂದು ಹೇಳಿ. ಯೋಹಾನನ ನಂಬಿಕೆ ಕುಂದಿತ್ತೇ? ಏಳನೇ ವಚನದಲ್ಲಿ ಯೇಸುವೇ ಅವನು ಗಾಳಿಗೆ ಅಲ್ಲಾಡುವ ಜೊಂಡಲ್ಲ ಎನ್ನುತ್ತಾನೆ. ಅವನು ಪಾಪಕ್ಕೆ ಶಿಕ್ಷೆ ಅನುಭವಿಸುತ್ತಿದ್ದನೇ? ಅವನು ಸೆರೆಗೆ ಹೋದದ್ದು ರಾಜನ ಮದುವೆ ತಪ್ಪೆಂದು ಹೇಳಿದ್ದಕ್ಕೆ.

ತಿರುವು ಹತ್ತನೇ ನಿಮಿಷದ ಸುಮಾರಿಗೆ ಬರಲಿ. ಅದಕ್ಕೆ ಹೊರಗಿನ ಕಥೆ ಬೇಡ. ಐದನೇ ವಚನವನ್ನು ನಿಧಾನವಾಗಿ ಓದಿ: ಕುರುಡರು, ಕುಂಟರು, ಕುಷ್ಠರೋಗಿಗಳು, ಕಿವುಡರು, ಸತ್ತವರು, ಬಡವರು. ಈ ಮಾತಿನ ಹಿಂದೆ ಯೆಶಾಯನ 35ನೇ ಮತ್ತು 61ನೇ ಅಧ್ಯಾಯಗಳಿವೆ. ಈಗ ಯೆಶಾಯ 61:1 ತೆರೆದು ಓದಿ. ಬಡವರಿಗೆ ಶುಭವಾರ್ತೆಯ ಬೆನ್ನಿಗೇ ಅಲ್ಲಿ ಸೆರೆಯವರಿಗೆ ಬಿಡುಗಡೆಯ ಮಾತಿದೆ. ಯೇಸು ಕಳುಹಿಸಿದ ಉತ್ತರದಲ್ಲಿ ಅದಿಲ್ಲ. ಸೆರೆಯಲ್ಲಿರುವವನಿಗೆ ಬೇಕಾಗಿದ್ದ ಒಂದೇ ಸಾಲು ಬಂದಿಲ್ಲ.

ಇಲ್ಲಿ ಒಂದು ಎಚ್ಚರ. ಏಕೆ ಬಿಟ್ಟನೆಂದು ಮತ್ತಾಯ ಹೇಳಿಲ್ಲ, ನೀವೂ ಹೇಳಬೇಡಿ. ‘ಬಿಟ್ಟುಹೋಗಿದೆ’ ಎನ್ನಿ, ನಿಲ್ಲಿ. ಸಂದೇಹವಿರುವವನು ತಲೆಯೆತ್ತುವುದು ಇಂಥ ಕಡೆ: ಉಪದೇಶಕರು ಮುಚ್ಚಿಡುತ್ತಾರೆ ಎಂದು ಅವನು ಎಣಿಸಿದ್ದನ್ನು ನೀವೇ ಮೇಜಿನ ಮೇಲೆ ಇಟ್ಟಿರುತ್ತೀರಿ.

ಉಳಿದ ಎಂಟ್ಹತ್ತು ನಿಮಿಷದಲ್ಲಿ ಉತ್ತರ ಕೊಡಲೇಬೇಕು. ಕೊಡದೆ ‘ನೀವೇ ಯೋಚಿಸಿ’ ಎಂದು ಇಳಿಯುವುದು ಕೇಳುವವರಿಗೆ ಮಾಡುವ ಅನ್ಯಾಯ. ಆದರೆ ವಾಕ್ಯ ಕೊಟ್ಟಷ್ಟನ್ನೇ ಕೊಡಿ. ‘ನೀನೋ ಬೇರೊಬ್ಬನೋ’ ಎಂಬುದಕ್ಕೆ ಯೇಸು ‘ಹೌದು’ ಎನ್ನಲಿಲ್ಲ. ನೀವು ಕೇಳುವುದನ್ನೂ ನೋಡುವುದನ್ನೂ ತಿಳಿಸಿ ಎಂದ. ಗುಣವಾದವರ ಕಡೆಗೆ ಕೈ ತೋರಿ, ತೀರ್ಮಾನವನ್ನು ಯೋಹಾನನಿಗೆ ಬಿಟ್ಟ. ಸಂದೇಹಪಟ್ಟದ್ದಕ್ಕೆ ಗದರಿಸಲೂ ಇಲ್ಲ. ದೂತರು ಹೊರಟಾಗ ಜನರ ಮುಂದೆ, ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನು ಬಂದಿಲ್ಲ ಎಂದ. ‘ಏಕೆ ಜೈಲಿನಲ್ಲಿ’ ಎಂಬುದಕ್ಕೆ ಉತ್ತರ ಸಿಗಲಿಲ್ಲ, ‘ಯಾರು’ ಎಂಬುದಕ್ಕೆ ಸಿಕ್ಕಿತು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿ. ಒಂದನ್ನು ಕೇಳಿ ಇನ್ನೊಂದಕ್ಕೆ ಉತ್ತರಿಸಿ ಸುಮ್ಮನಾದರೆ ಅವರು ಗಮನಿಸದೆ ಇರುವುದಿಲ್ಲ. 14ನೇ ಅಧ್ಯಾಯದಲ್ಲಿ ಯೋಹಾನನ ತಲೆ ಹರಿವಾಣದಲ್ಲಿ ಬಂದದ್ದನ್ನೂ ಬಿಡಬೇಡಿ. ಅದನ್ನು ಬಲ್ಲ ಹುಡುಗ ಮನಸ್ಸಿನಲ್ಲೇ ಅದನ್ನು ಕೇಳುತ್ತಿರುತ್ತಾನೆ.

‘ಕೆಲವರು ಹೀಗೆ ಕೇಳುತ್ತಾರೆ’ ಎಂದು ಆರಂಭಿಸಲೇಬೇಡಿ. ಹಿಂದಿನ ಬೆಂಚು ಆ ‘ಕೆಲವರು’ ತಾವೇ ಎಂದು ಅರಿತು ಕುಗ್ಗುತ್ತದೆ, ಮುಂದಿನ ಬೆಂಚು ಇದು ನಮ್ಮ ಮಾತಲ್ಲ ಎಂದು ನಿರಾಳವಾಗುತ್ತದೆ. ಪ್ರಶ್ನೆ ಯೋಹಾನನದು, ಅವನ ಬಾಯಿಯಿಂದಲೇ ಬರಲಿ. ಬೋರ್ಡಿನ ಮೇಲೆ ಬರೆಯುವ ವಿಷಯವನ್ನೂ ನೋಡಿಕೊಳ್ಳಿ. ‘ಸಂದೇಹವನ್ನು ಜಯಿಸುವ ನಂಬಿಕೆ’ ಎಂದು ಬರೆದಿದ್ದರೆ ನಿಮ್ಮ ಹತ್ತು ನಿಮಿಷದ ದುಡಿಮೆ ಬಾಗಿಲಲ್ಲೇ ವ್ಯರ್ಥ. ‘ನೀನೋ, ಬೇರೊಬ್ಬನೋ?’ ಎಂದಷ್ಟೇ ಸಾಕು.

ಗುರುವಾರದೊಳಗೆ ಆ ಹಿಂದಿನ ಬೆಂಚಿನವರಲ್ಲಿ ಒಬ್ಬರನ್ನು ಹಿಡಿದು ಪ್ರಶ್ನೆಯ ವಾಕ್ಯವನ್ನು ಮಾತ್ರ ಓದಿ ಹೇಳಿ. ಅವರು ‘ಹೌದಲ್ಲ, ಏಕೆ?’ ಎಂದರೆ ಸರಿಯಾಗಿದೆ. ‘ನೀವು ಏನು ಹೇಳುತ್ತೀರೋ ಗೊತ್ತು’ ಎಂದರೆ ಮತ್ತೆ ಬರೆಯಿರಿ. ಆರಾಧನೆಯ ನಂತರ ಇಬ್ಬರನ್ನು ಬೇರೆ ಬೇರೆಯಾಗಿ ‘ಇವತ್ತಿನ ಪ್ರಶ್ನೆ ಏನಿತ್ತು?’ ಎಂದು ಕೇಳಿ. ಇಬ್ಬರೂ ಬೇರೆ ಬೇರೆ ಪ್ರಶ್ನೆ ಹೇಳಿದರೆ ನೀವು ನಡುವೆ ಎರಡನೆಯದೊಂದನ್ನು ನುಸುಳಿಸಿದ್ದೀರಿ ಎಂದರ್ಥ.

ಕೊನೆಯ ಪ್ರಾರ್ಥನೆಯನ್ನೂ ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಪ್ರಾಮಾಣಿಕವಾಗಿ ಮಾತಾಡಿದವರೂ ಕಣ್ಣು ಮುಚ್ಚಿದ ಕೂಡಲೇ ಹಳೆಯ ರೂಢಿಗೆ ಬಿದ್ದು, ‘ನಮ್ಮ ಎಲ್ಲ ಸಂದೇಹಗಳನ್ನು ನೀಗಿಸಿದ್ದಕ್ಕಾಗಿ ಸ್ತೋತ್ರ’ ಎಂದುಬಿಡುತ್ತಾರೆ. ಅದರ ಬದಲು 13ನೇ ಕೀರ್ತನೆಯ ಆರು ವಚನಗಳನ್ನೇ ಪ್ರಾರ್ಥನೆಯಾಗಿ ಓದಿ. ಮೊದಲೆರಡು ವಚನಗಳಲ್ಲೇ ‘ಎಷ್ಟರವರೆಗೆ’ ಎಂದು ದೇವರನ್ನು ನಾಲ್ಕು ಸಲ ಕೇಳಿದೆ.

— ಸಂಪಾದಕರು