ಮಗುವಿನ ಎದೆಯ ಸಿಟಿ ಸ್ಕ್ಯಾನ್: ವಿಕಿರಣ ಎಷ್ಟು?

“ಪುಣೆಯಲ್ಲಿದ್ದೇವೆ. ಐದು ವರ್ಷದ ಮಗಳಿಗೆ ಎಕ್ಸ್-ರೇ ಆದ ಮೇಲೆ ಎದೆಯ ಸಿಟಿ ಸ್ಕ್ಯಾನ್ ಬರೆದಿದ್ದಾರೆ. ವಿಕಿರಣ ಹೆಚ್ಚಾಗುವುದಿಲ್ಲವೇ?”

ಹೆಚ್ಚು ಹೌದು, ಆದರೆ ಎಷ್ಟೆಂದು ನೋಡಿ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತಲೇ ಇರುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ತಾಗುವುದು ಸುಮಾರು 0.02, ಅಂದರೆ ಮೂರು ದಿನದ ಪಾಲು. ಮಕ್ಕಳ ಮೈಗೆ ಹೊಂದಿಸಿದ ಸಿಟಿಯಿಂದ ಸುಮಾರು 2, ಹತ್ತು ತಿಂಗಳ ಪಾಲು. ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇದರಿಂದ ಹೆಚ್ಚುವುದು ತೀರಾ ಅಲ್ಪ. ಸೊನ್ನೆಯೆಂದು ಮಾತ್ರ ಹೇಳಲಾರೆ.

ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವವನ್ನು ಚುಚ್ಚುವ ಮೊದಲೊಮ್ಮೆ, ಆಮೇಲೊಮ್ಮೆ ಸ್ಕ್ಯಾನ್ ಮಾಡಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಒಂದೇ ಸುತ್ತು ಸಾಕೇ ಎಂದು ರೇಡಿಯಾಲಜಿಸ್ಟರನ್ನು ಖಂಡಿತ ಕೇಳಿ. ಎದೆಯಲ್ಲಿ ನೀರು ತುಂಬಿದೆಯೇ ಎಂಬುದಷ್ಟೇ ಅನುಮಾನವಾಗಿದ್ದರೆ ಅಲ್ಟ್ರಾಸೌಂಡ್ ಸಾಕಾಗಬಹುದು. ಅದರಲ್ಲಿ ವಿಕಿರಣವೇ ಇಲ್ಲ.